ನೀರಿನ ಬ್ಯಾಕ್ಟೀರಿಯಾ ಎಣಿಕೆ: ಬಹುನಳಿಕೆ ವಿಧಾನ ಮತ್ತು ಪೊರೆ ಸೋಸುವಿಕೆ

ಬಹುನಳಿಕೆ ವಿಧಾನ ಕೊಡುವುದು ಎಂಪಿಎನ್, ಎಂದರೆ ಅತಿ ಸಂಭವನೀಯ ಸಂಖ್ಯೆ. ಇಲ್ಲಿ ಬ್ಯಾಕ್ಟೀರಿಯಾಗಳನ್ನು ಯಾರೂ ನೇರವಾಗಿ ಎಣಿಸುವುದಿಲ್ಲ, ಅಂದಾಜು ಮಾಡುತ್ತಾರೆ. ಪ್ರಶ್ನೆಪತ್ರಿಕೆಗಳು ಕೆದಕುವುದು ಇದನ್ನೇ.

ಮಳೆಗಾಲದ ಕೆಸರು ಕೆರೆ ನೀರನ್ನು ತೆಗೆದುಕೊಳ್ಳಿ. ಲ್ಯಾಕ್ಟೋಸ್ ಇರುವ ದ್ರವ ಮಾಧ್ಯಮದ ನಳಿಕೆಗಳಿಗೆ 10, 1 ಮತ್ತು 0.1 ಮಿ.ಲೀ. ನೀರನ್ನು ತಲಾ ಐದರಂತೆ ಹಾಕುತ್ತಾರೆ. ಪ್ರತಿ ನಳಿಕೆಯೊಳಗೆ ತಲೆಕೆಳಗಾದ ಪುಟ್ಟ ಡರ್ಹಾಮ್ ನಳಿಕೆ ಇರುತ್ತದೆ. 35 ಡಿಗ್ರಿ ಸೆಲ್ಸಿಯಸ್‌ನಲ್ಲಿ 48 ಗಂಟೆಯೊಳಗೆ ಅದರಲ್ಲಿ ಅನಿಲ ಕಂಡರೆ ಕೋಲಿಫಾರ್ಮ್ ಇರುವ ಸಂಶಯ; ದೃಢೀಕರಣ ಪರೀಕ್ಷೆ ಬೇರೆಯೇ ಬೇಕು. ದೃಢಪಟ್ಟ ನಳಿಕೆಗಳು ಕ್ರಮವಾಗಿ 5, 3, 1 ಎಂದಿಟ್ಟುಕೊಳ್ಳಿ. ಕೋಷ್ಟಕದ ಉತ್ತರ: 100 ಮಿ.ಲೀ.ಗೆ 110. ಆದರೆ ನಿಜವಾದ ಸಂಖ್ಯೆ ಸುಮಾರು 40ರಿಂದ 300ರ ನಡುವೆ ಎಲ್ಲಾದರೂ ಇರಬಹುದು.

ಪೊರೆ ವಿಧಾನದಲ್ಲಿ 0.45 ಮೈಕ್ರೋಮೀಟರ್ ರಂಧ್ರದ ಪೊರೆಯಲ್ಲಿ ನೀರನ್ನು ಸೋಸಿ, ಪೊರೆಯನ್ನು ಎಂಡೋ ಮಾಧ್ಯಮದ ಮೇಲಿಡುತ್ತಾರೆ. 24 ಗಂಟೆಯಲ್ಲಿ ಲೋಹದ ಹೊಳಪಿನ ಕಾಲೊನಿಗಳು ಮೂಡುತ್ತವೆ. 25 ಮಿ.ಲೀ. ಸೋಸಿ 30 ಕಾಲೊನಿ ಕಂಡರೆ, 30 × 100 ÷ 25 = 120. ಅಂದಾಜಿನ ವ್ಯಾಪ್ತಿ ಇಲ್ಲಿ ಕಿರಿದು, ಫಲಿತಾಂಶವೂ ಬೇಗ.

ಹಾಗಿದ್ದರೂ ನಮ್ಮ ಕೆರೆ ನೀರಿಗೆ ಇದು ಸಲ್ಲದು. ಕೆಸರು ರಂಧ್ರಗಳನ್ನು ಮುಚ್ಚುತ್ತದೆ, ಕಾಲೊನಿಗಳು ಒಂದಕ್ಕೊಂದು ಅಂಟಿ ಹರಡುತ್ತವೆ, ಎಣಿಕೆ ಕಡಿಮೆ ಬರುತ್ತದೆ. ನಳಿಕೆಗೆ ಕೆಸರಿನ ಹಂಗಿಲ್ಲ. ತಿಳಿಯಾದ ಕುಡಿಯುವ ನೀರಿಗೆ ಮಾತ್ರ ಪೊರೆಯೇ ಸರಿ, ಏಕೆಂದರೆ 100 ಮಿ.ಲೀ. ಪೂರ್ತಿ ಸೋಸಬಹುದು.