x ಅನಂತದತ್ತ ಸಾಗಿದಾಗ x^(1/x) ನ ಮಿತಿ

x ಮಿತಿಯಿಲ್ಲದೆ ಬೆಳೆದಾಗ x^(1/x) ನ ಮಿತಿ 1. ಇಲ್ಲಿ ಆಧಾರ ಅನಂತದತ್ತ ಏರುತ್ತದೆ, ಘಾತ ಸೊನ್ನೆಯತ್ತ ಇಳಿಯುತ್ತದೆ. ಇದು ∞⁰ ಎಂಬ ಅನಿರ್ಧಾರಿತ ರೂಪ. ಘಾತ ಸೊನ್ನೆಯಾದ್ದರಿಂದ ಉತ್ತರ 1 ಎನ್ನುವ ತರ್ಕ ಸಲ್ಲದು. (eˣ)^(1/x) ಕೂಡ ಇದೇ ರೂಪದ್ದು, ಆದರೆ ಅದರ ಬೆಲೆ ಯಾವಾಗಲೂ e.

ಬಿಡಿಸಲು y = x^(1/x) ಎಂದಿಟ್ಟು ಎರಡೂ ಕಡೆ ನೈಸರ್ಗಿಕ ಲಾಗರಿದಮ್ ತೆಗೆದುಕೊಳ್ಳಬೇಕು. ಆಗ ln y = (ln x)/x. ಇದು ∞/∞ ರೂಪವಾದ್ದರಿಂದ ಲಾಪಿಟಾಲ್ ನಿಯಮ ಅನ್ವಯಿಸುತ್ತದೆ. ಅಂಶದ ಅವಕಲನ 1/x, ಛೇದದ್ದು 1. ಅವುಗಳ ಅನುಪಾತ 1/x ಸೊನ್ನೆಗೆ ಹೋಗುತ್ತದೆ. ಅಂದರೆ ln y ಸೊನ್ನೆಯತ್ತ ಸಾಗುತ್ತದೆ, y ಮಾತ್ರ e⁰ = 1 ರತ್ತ. ಅನೇಕರು ಎಡವುವುದು ಇಲ್ಲಿಯೇ: ಲಾಗರಿದಮ್‌ನ ಮಿತಿಯನ್ನೇ ಉತ್ತರವೆಂದು ತಿಳಿದು 0 ಎಂದು ಗುರುತಿಸುತ್ತಾರೆ. x > 1 ಇದ್ದಾಗ ಬೆಲೆ 1 ಕ್ಕಿಂತ ಕೆಳಗೆ ಇಳಿಯುವುದೇ ಇಲ್ಲ ಎಂಬುದನ್ನು ನೆನೆದರೆ ಈ ತಪ್ಪು ತಕ್ಷಣ ಗೊತ್ತಾಗುತ್ತದೆ.

x = 10 ಆದಾಗ ಬೆಲೆ ಸುಮಾರು 1.259, 100 ಕ್ಕೆ 1.047, 1000 ಕ್ಕೆ 1.007. ಈ ಇಳಿಕೆ ಮೊದಲಿನಿಂದಲೂ ಇರುವುದಲ್ಲ. x = e ವರೆಗೆ ಫಲನ ಏರಿ, ಅಲ್ಲಿ ಗರಿಷ್ಠ ಬೆಲೆ e^(1/e), ಅಂದರೆ ಸುಮಾರು 1.445 ಮುಟ್ಟಿ, ಅನಂತರ ಇಳಿಯುತ್ತದೆ. e^π ಮತ್ತು π^e ಗಳಲ್ಲಿ e^π ದೊಡ್ಡದು ಎಂಬ ಉತ್ತರವೂ ಇದರಿಂದಲೇ ದೊರೆಯುತ್ತದೆ.