ಹೊಸ ಪೇರೋಲ್ ಸಾಫ್ಟ್‌ವೇರ್, ಹಳೇ ರಿಜಿಸ್ಟರ್

ಪ್ಯಾರಲಲ್ ರನ್ ಅನ್ನೋದನ್ನ ನಾವು ಎರಡು ಸಾಲಲ್ಲಿ ಓದಿ ಮುಂದೆ ಹೋಗ್ತೀವಿ: ಹಳೇ ಮತ್ತು ಹೊಸ ಸಿಸ್ಟಮ್ ಎರಡನ್ನೂ ಒಟ್ಟಿಗೆ ಓಡಿಸಿ ಉತ್ತರ ಹೋಲಿಸೋದು. ಸಂಬಳದ ಲೆಕ್ಕದಲ್ಲಿ ಅದು ಹೇಗಿರುತ್ತೆ ಅಂತ ನೋಡೋಣ.

ಬೆಂಗಳೂರಿನ ಒಂದು ಸಣ್ಣ ಕಾರ್ಖಾನೆ, 140 ಜನ ಕೆಲಸಗಾರರು ಅಂತ ಇಟ್ಕೊಳ್ಳೋಣ. ಅಕೌಂಟ್ಸ್‌ನ ಹಿರಿಯರು ರಿಜಿಸ್ಟರ್ ಮತ್ತು ಎಕ್ಸೆಲ್ ಬಿಡೋಕೆ ಒಪ್ಪಲ್ಲ. ಇದನ್ನ ಹಠ ಅಂದ್ಕೊಂಡ್ರೆ ಪ್ಲಾನ್ ಅಲ್ಲೇ ಕೆಡುತ್ತೆ. ಸಂಬಳ ತಪ್ಪಾದ್ರೆ ಜನ ಬಂದು ನಿಲ್ಲೋದು ಅವರ ಟೇಬಲ್ ಮುಂದೆ, ಸಾಫ್ಟ್‌ವೇರ್ ಮಾರಿದವರ ಮುಂದೆ ಅಲ್ಲ.

ಬದಲಾವಣೆಗೆ ಏಪ್ರಿಲ್ ಅನುಕೂಲ. ಹೊಸ ಹಣಕಾಸು ವರ್ಷ ಶುರುವಾಗೋದ್ರಿಂದ ಆದಾಯ ತೆರಿಗೆ ಕಡಿತದ ಹಳೇ ಮೊತ್ತಗಳನ್ನ ಹೊಸದಕ್ಕೆ ತುಂಬಿಸಬೇಕಿಲ್ಲ. ಹಾಗಾಗಿ ಫೆಬ್ರವರಿ, ಮಾರ್ಚ್ ಎರಡು ತಿಂಗಳು ಪ್ಯಾರಲಲ್ ರನ್. ಬ್ಯಾಂಕಿಗೆ ಹೋಗೋದು ರಿಜಿಸ್ಟರಿನ ಮೊತ್ತವೇ. ಹೊಸದರ ಉತ್ತರವನ್ನ ಒಬ್ಬೊಬ್ಬರ ಹೆಸರಿಗೂ ಪಕ್ಕದಲ್ಲಿಟ್ಟು, ವ್ಯತ್ಯಾಸ ಬಂದ ಸಾಲುಗಳನ್ನ ಮಾತ್ರ ಹಿರಿಯರಿಗೆ ಕೊಡಬೇಕು. ಒಟ್ಟು ಮೊತ್ತ ಹೋಲಿಸಿದ್ರೆ ಸಾಲದು. ಒಬ್ಬರಿಗೆ ಜಾಸ್ತಿ, ಇನ್ನೊಬ್ಬರಿಗೆ ಕಮ್ಮಿ ಆಗಿ ಎರಡೂ ವಜಾ ಆಗಿಬಿಡಬಹುದು.

ಈಗ ಒಂದು ಸಾಲು ನೋಡಿ. ಒಬ್ಬ ಆಪರೇಟರ್‌ಗೆ ಜನವರಿಯಲ್ಲಿ ಸಂಬಳ 20,500ರಿಂದ 21,400 ಆಯ್ತು. ಇಎಸ್‌ಐ ಮಿತಿ 21,000 ರೂಪಾಯಿ. ಹೊಸ ಸಾಫ್ಟ್‌ವೇರ್‌ನಲ್ಲಿ ಯಾರೋ ಬರೀ ಮಿತಿಯನ್ನ ಸೆಟ್ ಮಾಡಿದ್ದಾರೆ, ಅದಕ್ಕೆ ಕಡಿತ ಸೊನ್ನೆ. ರಿಜಿಸ್ಟರ್‌ನಲ್ಲಿ 161 ರೂಪಾಯಿ: 21,400ಕ್ಕೆ ಶೇಕಡಾ 0.75 ಅಂದ್ರೆ 160.50, ಮೇಲಿನ ರೂಪಾಯಿಗೆ ಏರಿಸಿದ್ದು. ರಿಜಿಸ್ಟರೇ ಸರಿ. ಇಎಸ್‌ಐ ವಂತಿಗೆ ಅವಧಿ ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್. ನಡುವೆ ಮಿತಿ ದಾಟಿದ್ರೂ ಅವಧಿ ಮುಗಿಯೋವರೆಗೆ ಪೂರ್ತಿ ಸಂಬಳದ ಮೇಲೆ ಕಟ್ಟಲೇಬೇಕು. ಈ ತಪ್ಪಿನ ಅಪಾಯ ಏನಂದ್ರೆ, ಕೈಗೆ 161 ರೂಪಾಯಿ ಜಾಸ್ತಿ ಬಂದವನು ದೂರು ಕೊಡೋಕೆ ಬರಲ್ಲ. ಹಿಡಿಯೋದು ಆ ಹಿರಿಯರ ಕಣ್ಣು ಮಾತ್ರ.

ಇನ್ನೊಂದು ಸಾಲಲ್ಲಿ ಉಲ್ಟಾ. ತಿಂಗಳಿಗೆ 30,000 ಸಂಬಳದ ಸೂಪರ್‌ವೈಸರ್‌ಗೆ ರಿಜಿಸ್ಟರ್ ಎಂದಿನಂತೆ 200 ರೂಪಾಯಿ ವೃತ್ತಿ ತೆರಿಗೆ ಹಿಡಿದಿದೆ, ಸಾಫ್ಟ್‌ವೇರ್ 300. ಕರ್ನಾಟಕದಲ್ಲಿ 2025ರ ತಿದ್ದುಪಡಿ ಆದ್ಮೇಲೆ ಫೆಬ್ರವರಿಗೆ ಮಾತ್ರ 300. ಇಲ್ಲಿ ಸಾಫ್ಟ್‌ವೇರ್ ಗೆದ್ದಿತು. ಹಿರಿಯರ ಮನಸ್ಸು ಬದಲಾಗೋದು ಇಂಥ ಸಾಲುಗಳಿಂದಲೇ, ಟ್ರೇನಿಂಗ್ ಸ್ಲೈಡ್‌ಗಳಿಂದ ಅಲ್ಲ ಅನ್ನೋದು ನಮ್ಮ ಅಭಿಪ್ರಾಯ. ಆದ್ರೆ ಮೊದಲ ಸಾಲಲ್ಲಿ ಅವರ ಮಾತು ಕೇಳಿ ಸೆಟ್ಟಿಂಗ್ ತಿದ್ದಿರಬೇಕು.

ಪ್ರತಿ ವ್ಯತ್ಯಾಸದ ಎದುರು ಕಾರಣ, ಯಾವ ನಿಯಮ, ಯಾರು ತಿದ್ದಬೇಕು ಅಂತ ಬರೆದು ಹಿರಿಯರೇ ಸಹಿ ಹಾಕ್ತಾರೆ. ಮಾರ್ಚ್ ಪಟ್ಟಿಯಲ್ಲಿ ಕಾರಣ ಗೊತ್ತಿಲ್ಲದ ಒಂದು ಸಾಲು ಉಳಿದ್ರೂ ರಿಜಿಸ್ಟರ್ ಇನ್ನೊಂದು ತಿಂಗಳು ನಡೀಬೇಕು.

ಎರಡು ತಿಂಗಳಲ್ಲಿ ಸಿಗದ ಕೇಸ್‌ಗಳೂ ಇವೆ. ಅದೇ ಆಪರೇಟರ್‌ಗೆ ಏಪ್ರಿಲ್‌ನಲ್ಲಿ ಹೊಸ ಅವಧಿ ಶುರುವಾಗಿ ಇಎಸ್‌ಐ ನಿಲ್ಲಬೇಕು. ಅದನ್ನ ಮಾರ್ಚ್‌ನಲ್ಲೇ ಡಮ್ಮಿ ಏಪ್ರಿಲ್ ಓಡಿಸಿ ನೋಡಿಕೊಳ್ಳಬೇಕು.