ವರ್ಷದ ಮೊದಲ ವಾರ ಯಾವುದು? ತೋಟದ ಲೆಕ್ಕದಿಂದ ಕೆಲವು ಪಾಠಗಳು

ಅತ್ತಿಗುಂಡಿ ಸುತ್ತಿನ ಎತ್ತರದ ತೋಟಗಳಲ್ಲಿ ಅರೇಬಿಕಾ ಕುಯ್ಲು ಡಿಸೆಂಬರ್ ದಾಟಿ ಜನವರಿಗೂ ಮುಂದುವರಿಯುತ್ತದೆ. ಗೋಡೆಯ ಕ್ಯಾಲೆಂಡರ್ ಬದಲಾಗುವ ದಿನವೂ ಪಲ್ಪರ್ ಓಡುತ್ತಿರುತ್ತದೆ, ಆ ವಾರದ ಬಟವಾಡೆಯೂ ಆಗಲೇಬೇಕು. ತೋಟದ ಆಫೀಸಿನಲ್ಲಿ ಕೂತು ವಾರವಾರದ ವರದಿ ಬರೆಯುವವನಿಗೆ ವರ್ಷದ ಅತಿ ಕಷ್ಟದ ವಾರ ಅದೇ.

1. ಜನವರಿ 1 ಬಂದ ಮಾತ್ರಕ್ಕೆ ಮೊದಲ ವಾರ ಶುರುವಾಗುವುದಿಲ್ಲ.
ಐಎಸ್ಒ 8601 ಪ್ರಕಾರ ವಾರ ಸೋಮವಾರ ಶುರುವಾಗಿ ಭಾನುವಾರ ಮುಗಿಯುತ್ತದೆ. ವರ್ಷದ ಮೊದಲ ಗುರುವಾರ ಯಾವ ವಾರದಲ್ಲಿದೆಯೋ ಅದು ಒಂದನೇ ವಾರ. ಗುರುವಾರ ವಾರದ ನಟ್ಟನಡುವಿನ ದಿನ. ಅದು ಹೊಸ ವರ್ಷದಲ್ಲಿದ್ದರೆ ಆ ವಾರದ ನಾಲ್ಕು ದಿನವಾದರೂ ಹೊಸ ವರ್ಷದ್ದೇ. ನೆನಪಿಡಲು ಸುಲಭದ ದಾರಿ: ಜನವರಿ 4 ಯಾವಾಗಲೂ ಒಂದನೇ ವಾರದಲ್ಲೇ ಇರುತ್ತದೆ, ಡಿಸೆಂಬರ್ 28 ಯಾವಾಗಲೂ ಕೊನೆಯ ವಾರದಲ್ಲೇ. ಹಾಗಾಗಿ 2026ರ ಒಂದನೇ ವಾರ ಶುರುವಾದದ್ದು 2025ರ ಡಿಸೆಂಬರ್ 29ಕ್ಕೆ.

2. ವಾರದ ಸಂಖ್ಯೆಗೆ ಅದರದೇ ವರ್ಷ ಇದೆ.
ಹೆಚ್ಚಿನ ವರದಿಗಳು ಕೆಡುವುದು ಇಲ್ಲೇ, ಆದ್ದರಿಂದ ಲೆಕ್ಕ ಬಿಡಿಸಿಯೇ ಹೇಳುತ್ತೇನೆ. ದಿನಕ್ಕೆ 2,000 ಕಿಲೋ ಹಣ್ಣು, ಸೋಮವಾರದಿಂದ ಶನಿವಾರ ಕೆಲಸ ಎಂದಿಟ್ಟುಕೊಳ್ಳಿ. ಡಿಸೆಂಬರ್ 29ರ ಆ ವಾರದ ನಿಜವಾದ ಮೊತ್ತ 12,000 ಕಿಲೋ.

ಎಕ್ಸೆಲ್‌ನಲ್ಲಿ ಬರೀ `WEEKNUM` ಹಾಕಿದರೆ ಅದು ಜನವರಿ 1 ಇರುವ ವಾರವನ್ನೇ ಒಂದು ಎಂದು ಎಣಿಸುತ್ತದೆ, ವಾರವನ್ನು ಭಾನುವಾರದಿಂದ ಹಿಡಿಯುತ್ತದೆ. ಆಗ ಡಿಸೆಂಬರಿನ ಮೂರು ದಿನ 53ನೇ ವಾರಕ್ಕೂ ಜನವರಿಯ ಮೂರು ದಿನ 1ನೇ ವಾರಕ್ಕೂ ಹೋಗಿ, ಎರಡು ಸಾಲುಗಳಲ್ಲಿ ತಲಾ 6,000 ಕಿಲೋ ಕಾಣುತ್ತದೆ. ಮಾಲೀಕರು ಫೋನ್ ಮಾಡಿ ಆಳು ಬರಲಿಲ್ಲವೇ ಎಂದು ಕೇಳುತ್ತಾರೆ.

ಅದನ್ನು ಸರಿಪಡಿಸಲು `ISOWEEKNUM` ಹಾಕಿ, ಪಕ್ಕದಲ್ಲಿ ಎಂದಿನ `YEAR` ಇಟ್ಟರೆ ಇನ್ನೂ ಕೆಟ್ಟದ್ದು ನಡೆಯುತ್ತದೆ. ಡಿಸೆಂಬರ್ 29, 30, 31ಕ್ಕೆ ‘2025, ವಾರ 1’ ಎಂದು ಬೀಳುತ್ತದೆ. ಅದೇ ಹೆಸರಿನಡಿ 2025ರ ಜನವರಿ 1ರಿಂದ 4ರವರೆಗಿನ ಕುಯ್ಲು ಮೊದಲೇ ಕೂತಿದೆ. 8,000 ಮತ್ತು 6,000 ಸೇರಿ 14,000. ಒಂದು ವರ್ಷದ ಅಂತರದ ಎರಡು ಕುಯ್ಲು ಒಂದೇ ಸಾಲಿನಲ್ಲಿ! ಒಟ್ಟು ಮೊತ್ತ ತಾಳೆಯಾಗುವುದರಿಂದ ಆಡಿಟ್‌ನವರಿಗೂ ಇದು ಕಣ್ಣಿಗೆ ಬೀಳುವುದಿಲ್ಲ. ಆ ವಾರದ ಗುರುವಾರ ಯಾವ ವರ್ಷದ್ದೆಂದು ನೋಡುವುದೇ ಪರಿಹಾರ:

```
=YEAR(A2-WEEKDAY(A2,2)+4)&"-W"&TEXT(ISOWEEKNUM(A2),"00")
```

A2ನಲ್ಲಿ 29-12-2025 ಇದ್ದರೆ ಉತ್ತರ 2026-W01.

3. ಇಲ್ಲದ ವಾರವನ್ನು ಹುಡುಕಿ ನೋಡಿ.
2026ಕ್ಕೆ 53 ವಾರ, 2027ಕ್ಕೆ 52. ಆ 53ನೇ ವಾರ ಡಿಸೆಂಬರ್ 28ರಿಂದ 2027ರ ಜನವರಿ 3ರವರೆಗೆ. ನಿಮ್ಮ ಹಾಳೆಯಲ್ಲಿ ಎಲ್ಲಾದರೂ ‘2027, ವಾರ 53’ ಎಂಬ ಸಾಲು ಕಂಡರೆ ವರ್ಷ ತಪ್ಪು ಕಡೆಯಿಂದ ಬಂದಿದೆ ಎಂದೇ ಅರ್ಥ. ಇನ್ನೊಂದು ಪರೀಕ್ಷೆ: ನಡುವಿನ ಪ್ರತಿ ವಾರದ ಅಡಿಯಲ್ಲೂ ಏಳೇ ತಾರೀಕು ಇರಬೇಕು, ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ.

4. 53ರ ನಂತರದ ವರ್ಷದಲ್ಲಿ ಸಂಖ್ಯೆ ನಂಬಿ ಹೋಲಿಸಬಾರದು.
2026ರಲ್ಲಿ ಜನವರಿ 26 ಬಂದದ್ದು ಐದನೇ ವಾರದಲ್ಲಿ. 2027ರಲ್ಲಿ ಅದು ನಾಲ್ಕನೇ ವಾರಕ್ಕೆ ಬೀಳುತ್ತದೆ. ಒಂದೇ ಸಂಖ್ಯೆಯ ವಾರ 2027ರಲ್ಲಿ ಆರು ದಿನ ತಡವಾಗಿ ಶುರುವಾಗುತ್ತದೆ; ಕುಯ್ಲು ಇಳಿಮುಖವಾಗುವ ಹೊತ್ತಿನಲ್ಲಿ ಆ ವ್ಯತ್ಯಾಸ ಸಣ್ಣದಲ್ಲ. ಐದನೇ ವಾರಕ್ಕೆ ಐದನೇ ವಾರ ಇಟ್ಟರೆ ಫಸಲು ಬೇಗ ಮುಗಿದಂತೆ ಕಾಣುತ್ತದೆ, ತೋಟದಲ್ಲಿ ಹಾಗೇನೂ ಆಗಿರುವುದಿಲ್ಲ. ಅಂಥ ವರ್ಷ 2027-W01ನ್ನು 2026-W02ರ ಜೊತೆ ಇಡಿ. ಒಂದು ಜನವರಿ 4ಕ್ಕೆ, ಇನ್ನೊಂದು ಜನವರಿ 5ಕ್ಕೆ ಶುರು. ಒಂದೇ ದಿನದ ವ್ಯತ್ಯಾಸ.

5. ವಾರಗಳನ್ನು ಕೂಡಿಸಿ ವರ್ಷದ ಲೆಕ್ಕ ಕಟ್ಟಬಾರದು.
ಕಾಫಿ ವರ್ಷ ಅಕ್ಟೋಬರ್ 1ಕ್ಕೆ, ಹಣಕಾಸು ವರ್ಷ ಏಪ್ರಿಲ್ 1ಕ್ಕೆ ಶುರು. ಎರಡೂ ಸೋಮವಾರಕ್ಕೆ ಕಾಯುವುದಿಲ್ಲ. 2026ರ ಮಾರ್ಚ್ 31 ಮಂಗಳವಾರ, ಹಾಗಾಗಿ 2026-W14ರ ಎರಡು ದಿನ ಹಳೇ ಲೆಕ್ಕಕ್ಕೆ, ಐದು ದಿನ ಹೊಸದಕ್ಕೆ. ಚೆಕ್‌ರೋಲ್ ದಿನದಿನದ್ದೇ ಇರಲಿ; ವಾರವನ್ನೂ ತಿಂಗಳನ್ನೂ ಬೇರೆ ಬೇರೆಯಾಗಿ ಅದರಿಂದಲೇ ತೆಗೆಯಿರಿ.

6. ಕೊಳ್ಳುವವರು ಹೇಳಿದ ವಾರಕ್ಕೆ ತಾರೀಕು ಕೇಳಿ.
ಜರ್ಮನಿಯವರು ಸಾಮಾನ್ಯವಾಗಿ KW ಎಂದು ಬರೆದು ಸಂಖ್ಯೆ ಹಾಕುತ್ತಾರೆ, ಅದು ಐಎಸ್ಒ ವಾರವೇ. ಅಮೆರಿಕದ ಕಡೆಯವರು ಭಾನುವಾರದಿಂದ ಎಣಿಸಿರಬಹುದು. ಕ್ಯೂರಿಂಗ್‌ಗೆ ಮೂಟೆ ಕಳಿಸುವ ದಿನವೇ ಇದರ ಮೇಲೆ ನಿಂತಿರುವಾಗ, ಉತ್ತರದ ಪತ್ರದಲ್ಲಿ ನಾನು ಹೀಗೆ ಬರೆಯುತ್ತೇನೆ: 2026-W53, ಅಂದರೆ 28-12-2026 ಸೋಮವಾರದಿಂದ 03-01-2027 ಭಾನುವಾರದವರೆಗೆ.